ಮನೆಗೆ ಪಾಪು ಬಂದ ಮೇಲೆ ದೊಡ್ಡ ಮಗುವಿನ ಚಡ್ಡಿ ಮತ್ತೆ ಒದ್ದೆಯಾಗುತ್ತಿದೆಯೇ?

ತಿಂಗಳುಗಟ್ಟಲೆ ಹಗಲು ಹೊತ್ತು ಡೈಪರ್ ಇಲ್ಲದೆ ಇದ್ದ ಮಗು, ತಮ್ಮನೋ ತಂಗಿಯೋ ಹುಟ್ಟಿದ ಎರಡು ಮೂರು ವಾರಕ್ಕೆ ಮತ್ತೆ ನಿಂತಲ್ಲೇ ಉಚ್ಚೆ ಮಾಡಿಕೊಳ್ಳತೊಡಗುತ್ತದೆ. ಜೊತೆಗೆ ತೊದಲು ಮಾತು, ಬಾಟಲಿಯಲ್ಲೇ ಹಾಲು ಬೇಕೆಂಬ ಹಠ, ಎತ್ತಿಕೋ ಎಂಬ ರಚ್ಚೆ. ಎರಡರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಆದರೆ ಹೆಚ್ಚಿನ ಮನೆಗಳಲ್ಲಿ ದೊಡ್ಡವರು ಹಿಡಿದುಕೊಳ್ಳುವುದು ಒದ್ದೆ ಚಡ್ಡಿಯನ್ನು. ಹಿಡಿಯಬೇಕಾದದ್ದು ಅದು ಒದ್ದೆಯಾದ ಹೊತ್ತನ್ನು.

ಲೆಕ್ಕ ಹಾಕಿ ನೋಡಿ. ಹುಟ್ಟಿದ ಕೂಸು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಎಂದುಕೊಂಡರೂ ದಿನದ ನಾಲ್ಕರಿಂದ ಆರು ಗಂಟೆ ಅಮ್ಮನ ಮಡಿಲು ಖಾಲಿ ಇರುವುದಿಲ್ಲ. ದೊಡ್ಡ ಮಗುವಿಗೆ ಕಾಣುವುದು ಇಷ್ಟೇ: ಅಳುವವರಿಗೆ, ಮಾತು ಬಾರದವರಿಗೆ, ಚಡ್ಡಿಯಲ್ಲೇ ಮಾಡಿಕೊಳ್ಳುವವರಿಗೆ ಅಮ್ಮ ಸಿಗುತ್ತಾಳೆ. ಅದರ ಮೇಲೆ, ಹೊಸದಾಗಿ ಕಲಿತ ಯಾವ ಅಭ್ಯಾಸವೂ ಇನ್ನೂ ಗಟ್ಟಿಯಾಗಿರುವುದಿಲ್ಲ. ಉಚ್ಚೆ ಬಂತೆಂದು ಗುರುತಿಸಿ, ಆಟ ಬಿಟ್ಟು, ಪಾಟಿಯವರೆಗೆ ತಡೆದುಕೊಂಡು ಹೋಗಲು ಆ ವಯಸ್ಸಿನಲ್ಲಿ ಸಾಕಷ್ಟು ಗಮನ ಬೇಕು. ಮನಸ್ಸು ಪೂರ್ತಿ ಅಮ್ಮನ ಮಡಿಲ ಮೇಲೆ ನೆಟ್ಟಿರುವಾಗ ಆ ಗಮನ ಉಳಿದಿರುವುದಿಲ್ಲ. ಹಾಗಾಗಿ ‘ಬೇಕಂತಲೇ ಮಾಡ್ತಾಳೆ’ ಎಂಬ ಮಾತು ಅರ್ಧ ಸತ್ಯವೂ ಅಲ್ಲ.

ಮೊದಲು ಕಾಯಿಲೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಎಲ್ಲವನ್ನೂ ಪಾಪುವಿನ ತಲೆಗೆ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಗಮನಿಸಿ. ಉಚ್ಚೆ ಮಾಡುವಾಗ ಮಗು ಅಳುತ್ತದೆಯೇ, ಜ್ವರವಿದೆಯೇ, ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಹನಿ ಮಾಡುತ್ತಿದೆಯೇ? ಇದ್ದರೆ ಮೂತ್ರದ ಸೋಂಕು ಇರಬಹುದು, ಮಕ್ಕಳ ವೈದ್ಯರಿಗೆ ತೋರಿಸಿ. ಮಲಬದ್ಧತೆಯೂ ದೊಡ್ಡ ಕಾರಣ. ಗಟ್ಟಿಯಾದ ಮಲ ಒಳಗಿನಿಂದ ಮೂತ್ರಕೋಶವನ್ನು ಒತ್ತುವುದರಿಂದ ಮಗುವಿಗೆ ತಡೆದುಕೊಳ್ಳಲು ಆಗುವುದಿಲ್ಲ. ಮನೆಯ ಗಡಿಬಿಡಿಯಲ್ಲಿ ಮಗು ಎರಡು ಮೂರು ದಿನ ಕಕ್ಕ ಮಾಡಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಇನ್ನು ವಿಪರೀತ ಬಾಯಾರಿಕೆ, ಪದೇ ಪದೇ ಹೆಚ್ಚು ಉಚ್ಚೆ, ಜೊತೆಗೆ ಮಗು ಸೊರಗುತ್ತಿರುವುದು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಅದು ಸಕ್ಕರೆ ಕಾಯಿಲೆಯ ಲಕ್ಷಣ ಆಗಿರಬಹುದು.

ಮೂರು ದಿನ ಬರೆದಿಡಿ

ಒಂದು ಚೀಟಿ ಸಾಕು. ಚಡ್ಡಿ ಒದ್ದೆಯಾದಾಗಲೆಲ್ಲ ಹೊತ್ತು ಎಷ್ಟು, ಆಗ ಅಮ್ಮ ಏನು ಮಾಡುತ್ತಿದ್ದಳು, ಮನೆಯಲ್ಲಿ ಬೇರೆ ಯಾರಿದ್ದರು, ಇಷ್ಟೇ ಬರೆಯಿರಿ. ಎರಡು ವರ್ಷ ಎಂಟು ತಿಂಗಳ ಹುಡುಗಿ, ಮೂರು ವಾರದ ತಮ್ಮ ಇರುವ ಮನೆಯನ್ನು ಊಹಿಸಿಕೊಳ್ಳಿ. ಮೂರು ದಿನದಲ್ಲಿ ಒಂಬತ್ತು ಸಲ ಒದ್ದೆಯಾಗಿದೆ. ಚೀಟಿ ನೋಡಿದರೆ ಆರು ಸಲ ಅಮ್ಮ ಹಾಲೂಡಿಸುತ್ತಿದ್ದಾಗ, ಎರಡು ಸಲ ಪಾಪುವನ್ನು ನೋಡಲು ಬಂದವರು ತೊಟ್ಟಿಲ ಸುತ್ತ ನಿಂತಿದ್ದಾಗ, ಒಂದು ಸಲ ಮಧ್ಯಾಹ್ನದ ನಿದ್ದೆಯಲ್ಲಿ. ಅಪ್ಪನ ಜೊತೆ ಹೊರಗೆ ಹೋದಾಗ ಒಂದೂ ಇಲ್ಲ. ಅಂದರೆ ಈ ಹುಡುಗಿಗೆ ಪಾಟಿ ಮರೆತಿಲ್ಲ. ಮೊದಲಿನಿಂದ ಕಲಿಸುವ ಅಗತ್ಯವೂ ಇಲ್ಲ. ಸರಿಮಾಡಬೇಕಾದದ್ದು ಹಾಲೂಡಿಸುವ ಅರ್ಧ ಗಂಟೆಯನ್ನು.

ಒದ್ದೆಯಾಗುವುದು ದಿನವಿಡೀ ಚದುರಿದ್ದರೆ, ಅಪ್ಪ ಅಜ್ಜಿ ಯಾರಿದ್ದರೂ ಒಂದೇ ರೀತಿ ಇದ್ದರೆ, ಮತ್ತೆ ಮೊದಲ ಹೆಜ್ಜೆಗೆ ಹಿಂತಿರುಗಿ. ಕಾರಣ ದೇಹದಲ್ಲಿರುವ ಸಾಧ್ಯತೆ ಹೆಚ್ಚು.

ಹಾಲೂಡಿಸುವ ಹೊತ್ತನ್ನು ಮರುಜೋಡಿಸಿ

ಕೂಸು ಜೋರಾಗಿ ಅಳುವುದು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲು ಅದು ಬಾಯಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತಲೆಯನ್ನು ಆಚೆ ಈಚೆ ತಿರುಗಿಸಿ ಮೊಲೆ ಹುಡುಕುತ್ತದೆ. ಈ ಸೂಚನೆ ಕಂಡೊಡನೆ ನಿಮಗೆ ಕೆಲವು ನಿಮಿಷ ಸಿಗುತ್ತದೆ. ಅದನ್ನು ದೊಡ್ಡ ಮಗುವಿಗೆ ಕೊಡಿ.

‘ಉಚ್ಚೆ ಬಂತಾ?’ ಎಂದು ಕೇಳಬೇಡಿ. ಈ ವಯಸ್ಸಿನವರ ಉತ್ತರ ಯಾವಾಗಲೂ ‘ಇಲ್ಲ’ವೇ. ‘ಪಾಪುಗೆ ಹಸಿವಾಗ್ತಿದೆ, ಮೊದಲು ನೀನು ಪಾಟಿ, ಆಮೇಲೆ ನಾವು ಮೂರೂ ಜನ ಕೂತ್ಕೊಳ್ಳೋಣ’ ಎಂದು ಕೈಹಿಡಿದು ಕರೆದುಕೊಂಡು ಹೋಗಿ. ಕೂತು ಏನೂ ಬರದಿದ್ದರೆ ಒಂದು ನಿಮಿಷಕ್ಕೆ ಎಬ್ಬಿಸಿ, ಬಲವಂತ ಬೇಡ. ಪಾಟಿ ದೂರದ ಬಚ್ಚಲಲ್ಲಿದ್ದರೆ ಕೆಲವು ವಾರದ ಮಟ್ಟಿಗೆ ನೀವು ಹಾಲೂಡಿಸುವ ಜಾಗದ ಪಕ್ಕಕ್ಕೇ ತಂದಿಡಿ. ಮಧ್ಯದಲ್ಲಿ ಉಚ್ಚೆ ಬಂದರೆ ನೀವು ಏಳದೆಯೇ, ಬರೀ ಮಾತಿನಲ್ಲೇ ಸಹಾಯ ಮಾಡಬಹುದು. ಸುಲಭವಾಗಿ ಕೆಳಗೆ ಎಳೆಯಬಹುದಾದ, ಗುಂಡಿ ಜಿಪ್ ಇಲ್ಲದ ಸಡಿಲ ಚಡ್ಡಿಯನ್ನೇ ಹಾಕಿ.

ನಂತರ ಬುಟ್ಟಿ. ಹಾಲೂಡಿಸುವಾಗ ಮಾತ್ರ ಹೊರಬರುವ ಐದಾರು ವಸ್ತುಗಳ ಒಂದು ಬುಟ್ಟಿ ಇಟ್ಟುಕೊಳ್ಳಿ: ಒಂದೇ ಕೈಯಲ್ಲಿ ಹಿಡಿದು ಓದಬಹುದಾದ ಎರಡು ಚಿತ್ರಪುಸ್ತಕ, ದಪ್ಪ ಬಳಪ ಮತ್ತು ಹಾಳೆ, ದೊಡ್ಡ ಮಗು ತಾನೂ ಹಾಲೂಡಿಸುವ ಆಟವಾಡಲು ಒಂದು ಬೊಂಬೆ, ಅದಕ್ಕೆ ಹೊದಿಸಲು ಚಿಂದಿ ಬಟ್ಟೆ. ಸಣ್ಣ ಬಿಡಿಭಾಗ ಅಥವಾ ಬಟನ್ ಸೆಲ್ ಇರುವ ಆಟಿಕೆ ಬೇಡ, ಏಕೆಂದರೆ ಆ ಹೊತ್ತಿನಲ್ಲಿ ನೀವು ತಟ್ಟನೆ ಎದ್ದು ಓಡಲಾರಿರಿ. ಬುಟ್ಟಿಯನ್ನು ಕೂಸನ್ನು ಎದೆಗೆ ಹಾಕಿಕೊಳ್ಳುವ ಮೊದಲೇ ದೊಡ್ಡ ಮಗುವಿನ ಕೈಗೆ ಕೊಡಬೇಕು. ರಚ್ಚೆ ಶುರುವಾದ ಮೇಲೆ ಕೊಟ್ಟರೆ ಅದು ಅತ್ತದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಬುಟ್ಟಿ ಕೆಲಸ ಮಾಡುತ್ತಿಲ್ಲ ಎನ್ನುವ ಮನೆಗಳಲ್ಲಿ ಸಾಮಾನ್ಯವಾಗಿ ಅದು ದಿನವಿಡೀ ನೆಲದ ಮೇಲೆ ಬಿದ್ದಿರುತ್ತದೆ. ಹಾಲು ಮುಗಿದೊಡನೆ ಮೇಲೆತ್ತಿಡಿ, ನಾಲ್ಕು ದಿನಕ್ಕೊಮ್ಮೆ ಎರಡು ವಸ್ತು ಬದಲಿಸಿ.

ಕೂಸು ಒಂದು ಪಕ್ಕದಲ್ಲಿದ್ದರೆ ಇನ್ನೊಂದು ಪಕ್ಕ ದೊಡ್ಡದಕ್ಕೆ. ಒರಗಿಕೊಂಡು ಕೂರಲಿ. ‘ನನಗೂ ಎದೆಹಾಲು’ ಎಂದು ಕೇಳಿದರೆ ಗಾಬರಿ ಬೇಡ, ನಗೆಯೂ ಬೇಡ. ಕುಡಿಯುವುದು ಬಿಟ್ಟು ಬಹಳ ದಿನವಾದ ಮಕ್ಕಳು ಹೆಚ್ಚಾಗಿ ಒಮ್ಮೆ ಬಾಯಿಟ್ಟು, ಹೇಗೆಂದು ತಿಳಿಯದೆ ಬಿಟ್ಟುಬಿಡುತ್ತಾರೆ. ಒಪ್ಪುವುದು ಬಿಡುವುದು ಅಮ್ಮನ ಇಷ್ಟ. ಒಪ್ಪದಿದ್ದರೆ ‘ಹಾಲು ಪಾಪುಗೆ, ಅಪ್ಪಿಕೊಳ್ಳೋದು ಇಬ್ಬರಿಗೂ’ ಎಂದು ತಬ್ಬಿಕೊಂಡರಾಯಿತು.

ಒದ್ದೆಯಾದಾಗ

ಇಲ್ಲಿ ಎಷ್ಟು ನೀರಸವಾಗಿರುತ್ತೀರೋ ಅಷ್ಟು ಒಳ್ಳೆಯದು. ‘ಚಡ್ಡಿ ಒದ್ದೆ ಆಯ್ತು. ಬಾ, ಒಣಗಿದ್ದು ಹಾಕ್ಕೊಳ್ಳೋಣ.’ ಎರಡು ನಿಮಿಷದಲ್ಲಿ ಮುಗಿಸಿ. ಬೈದರೂ ಮುದ್ದಾಡಿದರೂ ಫಲ ಒಂದೇ: ಒದ್ದೆಯಾದರೆ ಅಮ್ಮ ತಿರುಗಿ ನೋಡುತ್ತಾಳೆ ಎಂದು ಮಗು ಕಲಿಯುತ್ತದೆ. ಆ ಗಮನವನ್ನು ಪಾಟಿಗೆ ಹೋದಾಗ ಕೊಡಿ. ಮಗುವೇ ಡೈಪರ್ ಕೇಳಿದರೆ ಕೆಲವು ದಿನ ಹಾಕಿ, ತಪ್ಪೇನಿಲ್ಲ. ಶಿಕ್ಷೆಯಾಗಿ, ‘ಹಾಗಾದ್ರೆ ನೀನೂ ಪಾಪುನೇ’ ಎಂದು ಹಂಗಿಸುತ್ತ ಹಾಕಬೇಡಿ.

‘ನೀನೀಗ ದೊಡ್ಡವಳು’ ಎಂಬ ಮಾತನ್ನು ಸ್ವಲ್ಪ ಕಾಲ ಬದಿಗಿಡಿ. ಅದನ್ನು ಹೇಳುವುದೆಲ್ಲ ಏನನ್ನಾದರೂ ಬಿಟ್ಟುಕೊಡಲು ಹೇಳುವಾಗಲೇ ಆದ್ದರಿಂದ, ದೊಡ್ಡವರಾಗುವುದು ನಷ್ಟದ ವ್ಯವಹಾರ ಎಂದು ಮಗುವಿಗೆ ಅನಿಸುತ್ತದೆ. ತೊದಲಿದರೆ ಆಟವೆಂದು ಒಪ್ಪಿಕೊಳ್ಳಿ. ಕಂಬಳಿಯಲ್ಲಿ ಸುತ್ತಿ ಐದು ನಿಮಿಷ ತೂಗಿ. ಬೇಡವೆಂದಷ್ಟೂ ಅದು ಜಾಸ್ತಿಯಾಗುತ್ತದೆ. ಆಡಿಸಿದರೆ ಮಗುವಿಗೇ ಬೇಗ ಬೇಸರ ಬರುತ್ತದೆ.

ದಿನಕ್ಕೆ ಹತ್ತು ನಿಮಿಷ, ಕಾಯುವ ಸರದಿ

ಕೂಸನ್ನು ಬೇರೆಯವರ ಕೈಗೆ ಕೊಟ್ಟು, ದೊಡ್ಡ ಮಗುವಿನೊಡನೆ ದಿನಕ್ಕೆ ಹತ್ತು ನಿಮಿಷ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ ಕೂರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಆಟವನ್ನು ಮಗುವೇ ಆರಿಸಲಿ, ನೀವು ಕಲಿಸಲು ಹೋಗಬೇಡಿ. ಭಾನುವಾರ ಒಂದಿಡೀ ಮಧ್ಯಾಹ್ನ ಕೊಡುತ್ತೇನೆಂಬ ಮಾತಿಗಿಂತ ತಪ್ಪದೆ ಸಿಗುವ ಹತ್ತು ನಿಮಿಷವೇ ಮೇಲು, ಏಕೆಂದರೆ ಈ ವಯಸ್ಸಿಗೆ ‘ಭಾನುವಾರ’ ಎಂದರೆ ಏನೂ ಅಲ್ಲ. ಮಗು ತಪ್ಪು ಮಾಡಿತೆಂದು ಈ ಹೊತ್ತನ್ನು ಕಿತ್ತುಕೊಳ್ಳಬಾರದು. ಹೊಡೆದಾಟ ನಡೆದ ದಿನವೇ ಅದು ಹೆಚ್ಚು ಬೇಕಾಗಿರುತ್ತದೆ.

‘ಪಾಪು ಮಲಗಿದೆ, ಸುಮ್ಮನಿರು’, ‘ಪಾಪುಗೆ ಹಾಲು ಕೊಡ್ತಿದೀನಿ, ಆಮೇಲೆ’. ದಿನಕ್ಕೆ ಎಷ್ಟು ಸಲ ಹೀಗೆ ಹೇಳುತ್ತೀರಿ, ಎಣಿಸಿ ನೋಡಿ. ಎಲ್ಲದಕ್ಕೂ ಪಾಪುವೇ ಅಡ್ಡ ಎಂದು ಕಲಿಸುತ್ತಿರುವವರು ನಾವೇ. ‘ನನ್ನ ಕೈ ಖಾಲಿಯಿಲ್ಲ, ಈ ಪುಟ ಮುಗಿದ ಮೇಲೆ ಬರ್ತೀನಿ’ ಎನ್ನಿ. ಕೂಸು ಸುಮ್ಮನೆ ಕೊಸರಾಡುತ್ತಿರುವಾಗ, ದೊಡ್ಡದಕ್ಕೆ ಕೇಳುವಂತೆ, ‘ತಾಳು ಪಾಪು, ಅಕ್ಕನ ಚಪ್ಪಲಿ ಹಾಕಿ ಬರ್ತೀನಿ’ ಎಂದು ಕೂಸಿಗೂ ಕಾಯಲು ಹೇಳಿ. ಕೂಸಿಗೆ ಏನೂ ತಿಳಿಯುವುದಿಲ್ಲ, ತಿಳಿಯಬೇಕಾದವಳಿಗೆ ತಿಳಿಯುತ್ತದೆ.

ಪಾಪುವಿನ ಮೇಲೆ ಕೈ ಮಾಡಿದರೆ

ಇದರಲ್ಲಿ ರಾಜಿಯಿಲ್ಲ. ಎಷ್ಟೇ ಪ್ರೀತಿಯಿಂದಿರುವ ಮಗುವಾದರೂ, ಕೂಸಿನೊಂದಿಗೆ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಗಟ್ಟಿಯಾಗಿ ಅಪ್ಪಿಕೊಳ್ಳುವುದು, ಬಾಯಿಗೆ ತಿಂಡಿ ಇಡುವುದು, ಮುಖದ ಮೇಲೆ ಹೊದಿಕೆ ಎಳೆಯುವುದು, ಇವೆಲ್ಲ ಅಕ್ಕರೆಯಿಂದಲೂ ಆಗುತ್ತವೆ. ಹೊಡೆಯಲು ಎತ್ತಿದ ಕೈಯನ್ನು ಹಿಡಿದು, ‘ಹೊಡೆಯೋಕೆ ನಾನು ಬಿಡಲ್ಲ. ನಿನಗೆ ಸಿಟ್ಟು ಬಂದಿದೆ’ ಎಂದು ತಗ್ಗಿದ ದನಿಯಲ್ಲಿ ಹೇಳಿ, ಇಬ್ಬರ ನಡುವೆ ಬನ್ನಿ. ‘ಪಾಪುನ ವಾಪಸ್ ಕಳಿಸು’ ಎಂದರೆ ತಿದ್ದಲು ಹೋಗಬೇಡಿ. ಹೇಳಿಕೊಳ್ಳಲು ಬಿಟ್ಟ ಸಿಟ್ಟು ಕೈಗೆ ಇಳಿಯುವುದು ಕಡಿಮೆ. ಮುಟ್ಟುವ ಆಸೆಯಿದ್ದರೆ ತಲೆ, ಮುಖ ಬಿಟ್ಟು ಪಾದ ಸವರಲು ತೋರಿಸಿಕೊಡಿ.

ಯಾವಾಗ ಸರಿಹೋಗುತ್ತದೆ?

ನಾವು ಊಹಿಸಿಕೊಂಡ ಹುಡುಗಿಯಂಥವರಲ್ಲಿ ಹಾಲೂಡಿಸುವ ಹೊತ್ತಿನ ಒದ್ದೆ ಮೊದಲು ಕಡಿಮೆಯಾಗುತ್ತದೆ, ನೆಂಟರು ಬಂದಾಗಿನದ್ದು ತಡವಾಗಿ. ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ, ಮೊದಲು ಅಕ್ಕನನ್ನು ಮಾತಾಡಿಸಿ ಎಂದು. ನಿದ್ದೆಯಲ್ಲಿನ ಒದ್ದೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ, ಈ ವಯಸ್ಸಿನ ಬಹಳ ಮಕ್ಕಳು ರಾತ್ರಿ ಒಣಗಿ ಏಳುವುದಿಲ್ಲ. ವಾರಕ್ಕೊಮ್ಮೆ ಮತ್ತೆ ಮೂರು ದಿನದ ಚೀಟಿ ಬರೆದರೆ ಇಳಿಕೆ ಕಣ್ಣಿಗೆ ಕಾಣುತ್ತದೆ. ನಡುವೆ ಒಂದು ಕೆಟ್ಟ ದಿನ ಬಂದರೆ ಕ್ರಮವನ್ನೇ ಬದಲಿಸಬೇಡಿ. ಇದೇ ಕಾಲದಲ್ಲಿ ಹಾಸಿಗೆ ಬದಲಾಯಿಸುವುದು, ಬಾಟಲಿ ಬಿಡಿಸುವುದು, ಹೊಸದಾಗಿ ಶಿಶುವಿಹಾರಕ್ಕೆ ಸೇರಿಸುವುದನ್ನು ಎರಡು ಮೂರು ತಿಂಗಳು ಮುಂದೂಡಿ.

ಎರಡು ತಿಂಗಳು ಕಳೆದರೂ ಇಳಿಕೆ ಕಾಣದಿದ್ದರೆ ವೈದ್ಯರನ್ನು ಕಾಣಿ. ಅಷ್ಟು ದಿನ ಕಾಯಲೇಬಾರದ ಒಂದು ಸಂಗತಿಯಿದೆ. ಪಾಪುವಿನಂತೆ ತೊದಲುವ ಮಗು ಬೇಕಾದಾಗ ಸರಿಯಾಗಿಯೇ ಮಾತಾಡುತ್ತದೆ. ಹಾಗಲ್ಲದೆ ಬರುತ್ತಿದ್ದ ಪದಗಳೇ ಕಳೆದುಹೋಗಿವೆ, ಹೆಸರು ಕರೆದರೆ ತಿರುಗುತ್ತಿಲ್ಲ, ನಡಿಗೆ ತಪ್ಪುತ್ತಿದೆ ಎಂದಾದರೆ ಅದು ಹೊಟ್ಟೆಕಿಚ್ಚಲ್ಲ, ತಡಮಾಡದೆ ತೋರಿಸಬೇಕು.

ಇನ್ನೊಂದು ಸುತ್ತಿಗೂ ಸಿದ್ಧರಾಗಿರಿ. ಕೂಸು ಆರೇಳು ತಿಂಗಳಾಗಿ ತೆವಳಲು, ಅಂಬೆಗಾಲಿಡಲು ಶುರುಮಾಡಿ ದೊಡ್ಡದರ ಆಟಿಕೆಗೆ ಕೈಹಾಕಿದಾಗ ಹಳೆಯದೆಲ್ಲ ಮರುಕಳಿಸಬಹುದು. ಆಗ ಕೂಸಿನ ಕೈಗೆ ಎಟುಕದ ಎತ್ತರದಲ್ಲಿ ದೊಡ್ಡ ಮಗುವಿಗೇ ಮೀಸಲಾದ ಒಂದು ಮೇಜು ಅಥವಾ ಕಪಾಟಿನ ಖಾನೆ ಮಾಡಿಕೊಡಿ. ಅಲ್ಲಿರುವುದನ್ನು ಹಂಚಿಕೊಳ್ಳೆಂದು ಯಾರೂ ಹೇಳಬಾರದು.