ಐಡೆಂಪೊಟೆನ್ಸಿ ಕೀಯನ್ನು ಮರುಪ್ರಯತ್ನದ ಲೂಪಿನೊಳಗೆ ಸೃಷ್ಟಿಸಬೇಡಿ

ಪೇಮೆಂಟ್ ವಿನಂತಿ ಟೈಮ್‌ಔಟ್ ಆದ ಮಾತ್ರಕ್ಕೆ ಹಣ ಕಡಿತವಾಗಿಲ್ಲ ಎಂದು ಭಾವಿಸುವಂತಿಲ್ಲ. ಹಣ ಕಡಿತವಾಗಿ, ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಬಹುದು. ಆಗ ಮೊದಲ ವಿನಂತಿಯ ಗುರುತಾಗಿ ಕಳುಹಿಸಿದ್ದ ಅದೇ ಐಡೆಂಪೊಟೆನ್ಸಿ ಕೀಯೊಂದಿಗೆ ಮತ್ತೆ ಕಳುಹಿಸಿದರೆ, ಸ್ಟ್ರೈಪ್‌ನಂಥ ಗೇಟ್‌ವೇ ಹೊಸದಾಗಿ ಹಣ ಕಡಿತಗೊಳಿಸದೆ ಮೊದಲ ಉತ್ತರವನ್ನೇ ಹಿಂದಿರುಗಿಸುತ್ತದೆ.

ನಾನು ಕೋಡ್ ಪರಿಶೀಲನೆಯಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ, ಮರುಪ್ರಯತ್ನದ ಲೂಪಿನೊಳಗೇ ಕೀಗಾಗಿ ಹೊಸ ಯುಯುಐಡಿ ಸೃಷ್ಟಿಸುವುದು. ಪ್ರತಿ ಸಲವೂ ಕೀ ಬದಲಾಗುವುದರಿಂದ ಗೇಟ್‌ವೇಗೆ ಎಲ್ಲವೂ ಹೊಸ ಪಾವತಿಗಳಾಗಿಯೇ ಕಾಣುತ್ತವೆ. ಗ್ರಾಹಕರು 4821ನೇ ಆರ್ಡರಿಗೆ 1,499 ರೂಪಾಯಿ ಪಾವತಿಸಲು ಗುಂಡಿ ಒತ್ತಿದರು ಎನ್ನೋಣ. ಮೊದಲು ಪಾವತಿ ಪ್ರಯತ್ನದ ಸಾಲನ್ನು ಮೊತ್ತ ಮತ್ತು ಕೀ ಸಮೇತ ಡೇಟಾಬೇಸಿನಲ್ಲಿ ಉಳಿಸಿ, ಆಮೇಲೆ ವಿನಂತಿ ಕಳುಹಿಸಿ.

```
Idempotency-Key: order-4821-attempt-1
```

ನಡುವೆ ಸರ್ವರ್ ಕುಸಿದರೂ, ಮತ್ತೆ ಎದ್ದಾಗ ಅದೇ ಸಾಲಿನಿಂದ ಅದೇ ಕೀಯನ್ನು ಓದಿಕೊಳ್ಳಬಹುದು. ಆರ್ಡರ್ ಸಂಖ್ಯೆ ಮತ್ತು ಪ್ರಯತ್ನ ಸಂಖ್ಯೆಯ ಜೋಡಿಗೆ ಯೂನಿಕ್ ನಿರ್ಬಂಧ ಹಾಕಿದರೆ, ಎರಡು ಸಲ ಗುಂಡಿ ಒತ್ತಿದರೂ ಎರಡನೇ ಸಾಲು ಸೇರುವುದಿಲ್ಲ.

ಪ್ರಯತ್ನ ಸಂಖ್ಯೆಯನ್ನು ಯಾವಾಗ ಏರಿಸಬೇಕೆಂಬುದೇ ಸೂಕ್ಷ್ಮ ಸಂಗತಿ. ಬ್ಯಾಂಕ್ ಕಾರ್ಡನ್ನು ಸ್ಪಷ್ಟವಾಗಿ ತಿರಸ್ಕರಿಸಿ, ಗ್ರಾಹಕರು ಬೇರೆ ಕಾರ್ಡ್ ಕೊಟ್ಟಾಗ ಏರಿಸಬೇಕು. ಹಳೆಯ ಕೀಯೊಂದಿಗೆ ಬೇರೆ ವಿವರ ಕಳುಹಿಸಿದರೆ ಸ್ಟ್ರೈಪ್ ದೋಷವನ್ನು ಹಿಂದಿರುಗಿಸುತ್ತದೆ. ಫಲಿತಾಂಶ ತಿಳಿಯದ ಟೈಮ್‌ಔಟ್‌ಗೆ ಮಾತ್ರ ಎಂದಿಗೂ ಏರಿಸಕೂಡದು.

ಸ್ಟ್ರೈಪ್ ತನ್ನ ಮೊದಲ ಆವೃತ್ತಿಯ ಎಪಿಐಯಲ್ಲಿ 24 ಗಂಟೆ ಕಳೆದ ಕೀಗಳನ್ನು ಅಳಿಸಬಹುದಾದ್ದರಿಂದ, ಮರುದಿನ ಮರುಪ್ರಯತ್ನಿಸುವ ಮುನ್ನ ಆ ಆರ್ಡರಿನ ಪಾವತಿ ಸ್ಥಿತಿಯನ್ನು ಗೇಟ್‌ವೇಯಲ್ಲಿ ಹುಡುಕಿ ನೋಡಬೇಕು.