ಹೇಳಿದ್ದು 3,400, ಬಿಲ್ಲು 7,316

ಬಸ್ಸು ಇಳಿಯುವಾಗ ಫೋನು ಕೈಜಾರಿ ಮೆಟ್ಟಿಲಿಗೆ ಬಡಿಯಿತು. ಎತ್ತಿ ನೋಡಿದರೆ ಅರ್ಧ ಸ್ಕ್ರೀನು ಕಪ್ಪು, ಇನ್ನರ್ಧದಲ್ಲಿ ಹಸಿರು ಗೆರೆ. ದಾವಣಗೆರೆಯಲ್ಲಿ ನಮ್ಮ ಆಫೀಸಿನ ಹತ್ತಿರವೇ ಒಂದು ರಿಪೇರಿ ಅಂಗಡಿ ಇದೆ. ಅಲ್ಲಿ ಕೊಟ್ಟೆ. ಕೌಂಟರಿನ ಹುಡುಗ ಮಾಡೆಲ್ ನೋಡಿ, "ಕಾಂಬೊ ಹೋಗಿದೆ ಮೇಡಂ, 3,400 ಆಗುತ್ತೆ, ಎಲ್ಲ ಸೇರಿ" ಅಂದ. ಕಾಂಬೊ ಅಂದರೆ ಡಿಸ್‌ಪ್ಲೇ ಮತ್ತು ಟಚ್ ಒಟ್ಟಿಗೆ ಬರುವ ಭಾಗ. ಒಂದು ಚೀಟಿಯಲ್ಲಿ 3,400 ಅಂತ ಬರೆದು ಕೊಟ್ಟ. ನಾನೂ ಸುಮ್ನೆ ಪರ್ಸಿಗೆ ಹಾಕಿಕೊಂಡೆ.

ಎರಡು ದಿನ ಬಿಟ್ಟು ಹೋದರೆ ಬಿಲ್ಲು ಹೀಗಿತ್ತು: ಮೊಬೈಲ್ ರಿಪೇರಿಂಗ್, 1, 6,200. ಕೆಳಗೆ ಸಿಜಿಎಸ್‌ಟಿ 558, ಎಸ್‌ಜಿಎಸ್‌ಟಿ 558. ಒಟ್ಟು 7,316. ಅಷ್ಟೇ.

ನಾನು ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ದಿನಕ್ಕೆ ನೂರು ಬಿಲ್ಲು ನೋಡುತ್ತೇನೆ. ಒಂದೇ ಸಾಲಿನ ಬಿಲ್ಲು ಕಂಡರೆ ನನಗೆ ಕೈ ತುರಿಸುತ್ತದೆ.

"ಇಷ್ಟು ಜಾಸ್ತಿ ಯಾಕೆ, ಒಂದು ಮಾತು ಕೇಳಬೇಕಿತ್ತಲ್ವಾ?" ಅಂದೆ. "ಫೋನ್ ಮಾಡಿದ್ವಿ ಮೇಡಂ, ನೀವು ಎತ್ತಲಿಲ್ಲ" ಅಂದ. ಯಾವ ನಂಬರಿಗೆ ಮಾಡಿದಿರಿ ಅಂತ ಕೇಳಿದೆ. ನನ್ನ ನಂಬರಿಗೇ. ಆ ಸಿಮ್ಮು ಅವರ ಡ್ರಾಯರಿನಲ್ಲಿ ಬಿಚ್ಚಿಟ್ಟ ಫೋನಿನೊಳಗೇ ಇತ್ತು! ಇದರಲ್ಲಿ ನನ್ನ ತಪ್ಪೂ ಇದೆ. ಕೊಡುವಾಗ ಮನೆಯವರ ನಂಬರು ಬರೆಸಿ, ಸಿಮ್ ತೆಗೆದುಕೊಂಡು ಬರಬೇಕಿತ್ತು.

ಬಿಚ್ಚಿದ ಮೇಲೆ ಹೊಸ ತೊಂದರೆ ಕಾಣುವುದು ನಿಜ. ನೀರು ಹೋಗಿರಬಹುದು, ಫ್ರೇಮು ಸೊಟ್ಟಗಾಗಿರಬಹುದು. ಅಂದಾಜು ಹೆಚ್ಚಾಗುವುದೇ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಭಾಗಕ್ಕೆ ಹೆಚ್ಚಾಯಿತು ಅಂತ ಗೊತ್ತಾಗಬೇಕು. ಹಾಗಾಗಿ ಜಗಳ ಶುರುಮಾಡದೆ, ಭಾಗ ಬೇರೆ, ಕೂಲಿ ಬೇರೆ ಮಾಡಿ ಬರೆದುಕೊಡಿ ಅಂತ ಮಾತ್ರ ಕೇಳಿದೆ. ಅಷ್ಟರಲ್ಲಿ ಮಾಲೀಕರೂ ಬಂದರು. ಹುಡುಗ ಬರೆದ: ಕಾಂಬೊ 3,800, ಬ್ಯಾಟರಿ 1,400, ಚಾರ್ಜಿಂಗ್ ಬೋರ್ಡ್ 600, ಸಾಫ್ಟ್‌ವೇರ್ 400.

ಬರೆದ ಕೂಡಲೇ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಒಂದೊಂದು ಸಾಲನ್ನೂ ಈಗ ಪರೀಕ್ಷೆ ಮಾಡಬಹುದು.

ಮೊದಲು ಕಾಂಬೊ. 400 ಜಾಸ್ತಿ ಯಾಕೆ ಅಂದರೆ, "ಮೊದಲು ಹೇಳಿದ್ದು ಟಿಎಫ್‌ಟಿದು, ಹಾಕಿದ್ದು ಒಎಲ್‌ಇಡಿ" ಅಂದರು. ಒಂದೇ ಮಾಡೆಲ್ಲಿಗೆ ಮೂರ್ನಾಲ್ಕು ದರ್ಜೆಯ ಕಾಂಬೊ ಸಿಗುತ್ತದೆ. ಕಂಪನಿಯದೇ ಒಂದು, ಹೊರಗಿನವರು ಮಾಡಿದ ಒಎಲ್‌ಇಡಿ ಒಂದು, ಅಗ್ಗದ ಟಿಎಫ್‌ಟಿ ಒಂದು. ಬಿಲ್ಲಿನಲ್ಲಿ ಬರೀ 'ಡಿಸ್‌ಪ್ಲೇ' ಅಂತಿದ್ದರೆ ಯಾವುದಕ್ಕೆ ದುಡ್ಡು ಕೊಟ್ಟೆವು ಅಂತ ಗೊತ್ತೇ ಆಗುವುದಿಲ್ಲ. ಹಾಕಿದ್ದು ಒಎಲ್‌ಇಡಿಯೇನಾ ಅಂತ ಅಲ್ಲೇ ನೋಡಿದೆ. ಒಂದು ಕಪ್ಪು ಚಿತ್ರ ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕೌಂಟರಿನ ಕೆಳಗೆ ಕತ್ತಲಲ್ಲಿ ಹಿಡಿದೆ. ಟಿಎಫ್‌ಟಿ ಆದರೆ ಹಿಂದಿನ ಬೆಳಕು ಸೋರಿ ಕಪ್ಪು ಬಣ್ಣವೇ ಬೂದಿಯ ಹಾಗೆ ಕಾಣುತ್ತದೆ. ಒಎಲ್‌ಇಡಿಯಲ್ಲಿ ಕಪ್ಪಿರುವ ಕಡೆ ಬೆಳಕೇ ಇರುವುದಿಲ್ಲ, ಸ್ಕ್ರೀನು ಆಫ್ ಆದ ಹಾಗಿರುತ್ತದೆ. ನನ್ನದು ಗಾಢ ಕಪ್ಪಾಗಿಯೇ ಇತ್ತು. ನನ್ನ ಫೋನಿನಲ್ಲಿ ಬೆರಳಚ್ಚು ಸ್ಕ್ರೀನಿನ ಒಳಗೇ ಇದೆ. ಅಗ್ಗದ ಟಿಎಫ್‌ಟಿ ಹಾಕಿದರೆ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇಲ್ಲಿ ಬೆರಳಿಟ್ಟ ಕೂಡಲೇ ತೆರೆಯಿತು. ಕೇಳದೆ ಹಾಕಿದ್ದು ತಪ್ಪು, ಆದರೆ ಮಾಲು ಸರಿಯಾದದ್ದು. ಆ 400 ಒಪ್ಪಿದೆ.

ಆಮೇಲೆ ಹಳೆಯ ಭಾಗಗಳನ್ನು ಕೇಳಿದೆ. ಒಡೆದ ಕಾಂಬೊ ಕೊಟ್ಟರು. ಚಾರ್ಜಿಂಗ್ ಬೋರ್ಡೂ ಬಂತು. ಪಿನ್ ಕೂರುವ ಜಾಗ ಹಸಿರುಗಟ್ಟಿತ್ತು. ಚಾರ್ಜರು ಮೊದಲಿಂದಲೂ ಸಡಿಲವಾಗಿ ಕೂರುತ್ತಿದ್ದದ್ದು ನನಗೂ ನೆನಪಿತ್ತು. ಬ್ಯಾಟರಿ ಮಾತ್ರ ಬರಲಿಲ್ಲ. "ಹಳೇದನ್ನ ಎಸೆದುಬಿಟ್ವಿ" ಅಂದರು.

ಹಾಗಾದರೆ ಹೊಸದನ್ನು ತೋರಿಸಿ ಅಂದೆ. ಹಿಂದಿನ ಮುಚ್ಚಳಕ್ಕೆ ಹಾಕಿದ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ, ಬಿಸಿ ಮಾಡುವುದೂ ಬೇಕಾಗಲಿಲ್ಲ. ಹುಡುಗ ಮುಖ ಗಂಟಿಕ್ಕಿಕೊಂಡೇ ತೆಗೆದ. ಬ್ಯಾಟರಿಯ ಲೇಬಲ್ಲಿನ ಮೇಲೆ ತಯಾರಾದ ವರ್ಷ 2021, ನಾನು ಫೋನು ಕೊಂಡ ವರ್ಷವೇ. ಮೂಲೆಯಲ್ಲಿ ಎಳೆದು ತೆಗೆಯುವ ಪಟ್ಟಿಯೂ ಮಡಿಕೆ ಕೆಡದೆ ಹಾಗೇ ಇತ್ತು. ಮಾಲೀಕರು ಹುಡುಗನ ಮುಖ ನೋಡಿದರು. "ಬೇರೆಯವರ ಜಾಬು ಇದಕ್ಕೆ ಸೇರಿರಬೇಕು" ಅಂದ ಅವನು. ಇರಬಹುದು. 1,400 ಹೊಡೆದುಹಾಕಿದರು. ಸಾಫ್ಟ್‌ವೇರಿನ 400 ಯಾತಕ್ಕೆ ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ನನ್ನ ಫೋಟೋ, ಆ್ಯಪು ಎಲ್ಲ ಇದ್ದ ಹಾಗೇ ಇದ್ದವು. ಅದೂ ಹೋಯಿತು.

ಉಳಿದದ್ದು ಕೂಲಿ. ಇದನ್ನು ಜನ ಗಮನಿಸುವುದು ಕಮ್ಮಿ. ಮತ್ತೆ ಕೇಳಿದ್ದಕ್ಕೆ ಬಿಡಿಸಿ ಹೇಳಿದರು: ಕಾಂಬೊದ 3,800ರಲ್ಲಿ ಭಾಗಕ್ಕೆ 3,300, ಕೂಲಿ 500. ಚಾರ್ಜಿಂಗ್ ಬೋರ್ಡಿನ 600ರಲ್ಲಿ ಭಾಗಕ್ಕೆ 350, ಕೂಲಿ 250. ಕೂಲಿಯ ದೊಡ್ಡ ಪಾಲು ಫೋನು ಬಿಚ್ಚುವುದು, ಹಳೆ ಅಂಟು ಕೆರೆದು ತೆಗೆಯುವುದು, ಮತ್ತೆ ಅಂಟಿಸಿ ಕೂರಿಸುವುದು. ಡಿಸ್‌ಪ್ಲೇಗೆ ಅಂತ ಒಮ್ಮೆ ಬಿಚ್ಚಿದ ಮೇಲೆ ಆ ಬೋರ್ಡು ಬದಲಿಸಲು ನಾಲ್ಕು ಸ್ಕ್ರೂ, ಒಂದೆರಡು ಕನೆಕ್ಟರು, ಅಷ್ಟೇ ಕೆಲಸ. ಭಾಗ ಮತ್ತು ಕೂಲಿ ಒಂದೇ ಸಾಲಿನಲ್ಲಿ ಕಲಸಿದ್ದರೆ ಒಂದೇ ಬಿಚ್ಚುವಿಕೆಗೆ ಎರಡು ಸಲ ಕೂಲಿ ಕೊಟ್ಟಿರುತ್ತೇವೆ. ಮಾಲೀಕರು ನಕ್ಕು 250 ಬಿಟ್ಟರು. ಒಟ್ಟು 4,150 ಆಯಿತು.

ಇನ್ನು ಜಿಎಸ್‌ಟಿ. ಇದು ನನ್ನ ದಿನದ ಕೆಲಸ. ಮೊಬೈಲ್ ಭಾಗಕ್ಕೂ ರಿಪೇರಿ ಕೂಲಿಗೂ 18 ಪರ್ಸೆಂಟ್. ಮಾಮೂಲಿ ನೋಂದಣಿ ಇರುವ ಅಂಗಡಿಯವರು ಹಾಕಿದರೆ ಕೊಡಲೇಬೇಕು. 3,400ರ ಅಂದಾಜು ಟ್ಯಾಕ್ಸ್ ಸೇರಿಸಿದರೆ 4,012 ಆಗುತ್ತದೆ. ಹಾಗಾಗಿ 'ಎಲ್ಲ ಸೇರಿ' ಅಂದಾಗಲೇ ಟ್ಯಾಕ್ಸೂ ಸೇರಿದೆಯಾ ಅಂತ ಕೇಳಬೇಕು. ಬಿಲ್ಲಿನ ಮೇಲಿದ್ದ 29ರಿಂದ ಶುರುವಾಗುವ 15 ಅಕ್ಷರದ ಜಿಎಸ್‌ಟಿ ನಂಬರನ್ನು services.gst.gov.in ನಲ್ಲಿ Search Taxpayer ಗೆ ಹೋಗಿ ಹಾಕಿದೆ. Composition ಅಂತ ತೋರಿಸಿತು. ಕಾಂಪೊಸಿಷನ್ ಸ್ಕೀಮಿನವರು ವ್ಯಾಪಾರದ ಮೇಲೆ ಒಂದಿಷ್ಟು ಪರ್ಸೆಂಟ್ ತಮ್ಮ ಕೈಯಿಂದ ಕಟ್ಟಬೇಕು. ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ, ಬಿಲ್ಲಿನಲ್ಲಿ ಅದರ ಸಾಲೇ ಇರಬಾರದು. ಫೋನು ತಿರುಗಿಸಿ ತೋರಿಸಿದೆ. ಬಿಲ್ಲಿಂಗ್ ಸಾಫ್ಟ್‌ವೇರು ತಾನಾಗಿ ಹಾಕಿಬಿಡುತ್ತೆ ಅಂದರು ಮಾಲೀಕರು. ಹೊಸ ಬಿಲ್ಲು ಹೊಡೆಸಿದರು.

ಅವರು ಒಪ್ಪದಿದ್ದರೆ? ಫೋನು ಕಿತ್ತುಕೊಂಡು ಬರಲು ಆಗುವುದಿಲ್ಲ. ಮಾಡಿದ ಕೆಲಸದ ಹಣ ಬರುವ ತನಕ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಕಾಯ್ದೆಯಲ್ಲೇ ಇದೆ. ಬಿಲ್ಲಿನ ಮೇಲೆ 'ಆಕ್ಷೇಪಣೆಯೊಂದಿಗೆ ಪಾವತಿಸಿದೆ' ಅಂತ ಬರೆದು, ಫೋಟೋ ತೆಗೆದು, ಹಣ ಕೊಟ್ಟು ಫೋನು ಬಿಡಿಸಿಕೊಳ್ಳುತ್ತಿದ್ದೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೆ. ಆ 3,400ರ ಚೀಟಿ ಆಗ ಕೆಲಸಕ್ಕೆ ಬರುತ್ತಿತ್ತು.

ಹೊಸ ಬಿಲ್ಲಿನಲ್ಲಿ ಮಾಡೆಲ್, ಐಎಂಇಐ ನಂಬರು, 'ಒಎಲ್‌ಇಡಿ ಕಾಂಬೊ, ಮೂರು ತಿಂಗಳ ವಾರಂಟಿ', ಚಾರ್ಜಿಂಗ್ ಬೋರ್ಡು, ಕೂಲಿ ಎಲ್ಲ ಬೇರೆ ಬೇರೆ ಸಾಲಿನಲ್ಲಿವೆ. 'ಮೊಬೈಲ್ ರಿಪೇರಿಂಗ್' ಅಂತ ಮಾತ್ರ ಇದ್ದ ಹಳೆ ಬಿಲ್ಲು ಹಿಡಿದು ಹೋಗಿದ್ದರೆ, ಯಾವ ಭಾಗದ ವಾರಂಟಿ ಅಂತ ಕೇಳುವುದು?

ಆ 2021ರ ಬ್ಯಾಟರಿ ಈಗ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದೆ. ಹೋದ ವಾರ ಅದೇ ಅಂಗಡಿಗೆ ಹೋದೆ. ಅದೇ ಹುಡುಗ. ನಾನು ಬಾಯಿ ತೆರೆಯುವ ಮುಂಚೆಯೇ ಪೆನ್ನು ತೆಗೆದು ಬ್ಯಾಟರಿ ಎಷ್ಟು, ಕೂಲಿ ಎಷ್ಟು ಅಂತ ಎರಡು ಸಾಲಿನಲ್ಲಿ ಬರೆದ. ಕೆಳಗೆ ಇನ್ನೊಂದು ಸಾಲು: 'ಹಳೇದು ವಾಪಸ್'.