ಬೇರೆ ಊರಿಂದ ಬಂದು ಬಾಡಿಗೆ ಮನೆ ಕೀ ಇಸ್ಕೊಳ್ಳೋರಿಗೆ

ಓನರ್ ಊರಲ್ಲಿಲ್ಲ, ನಾವೂ ಬೇರೆ ಊರಿಂದ ಬರ್ತಿದೀವಿ ಅಂದಾಗ "ಯಾರಾದ್ರೂ ಕೀ ಕೊಡ್ತಾರೆ ಬನ್ನಿ" ಅನ್ನೋ ಮಾತು ನಂಬ್ಕೊಂಡು ಹೊರಡ್ಬೇಡಿ, ಆ ಯಾರಾದ್ರೂ ಯಾರು ಅಂತ ಎರಡು ದಿನ ಮುಂಚೆನೇ ಹೆಸರು, ನಂಬರ್ ಸಮೇತ ಇಸ್ಕೊಂಡು ನೀವೇ ಒಂದ್ಸಲ ಫೋನ್ ಮಾಡಿ ಮಾತಾಡಿ.

ಟೈಮ್ ಹೇಳೋವಾಗ ಟ್ರೇನ್ ಟೈಮ್ ಹೇಳ್ಬೇಡಿ, ಮನೆ ಬಾಗಿಲಿಗೆ ಬರೋ ಟೈಮ್ ಹೇಳಿ. ನನ್ನ ಟ್ರೇನ್ 6:10ಕ್ಕೆ ಬಂದು ಸೇರೋದಿತ್ತು, ಲಗೇಜ್ ಇಳಿಸಿ ಆಟೋ ಹಿಡಿದು ಹೋಗೋಕೆ ಒಂದು ಗಂಟೆ, ಲೇಟಾದ್ರೆ ಅಂತ ಇನ್ನರ್ಧ ಗಂಟೆ ಸೇರಿಸಿ ಓನರ್‌ಗೆ ಹೀಗೆ ಮೆಸೇಜ್ ಹಾಕಿದ್ದೆ:

"ಸರ್, ಶನಿವಾರ ಬೆಳಿಗ್ಗೆ 7:40ಕ್ಕೆ ಮನೆ ಹತ್ರ ಇರ್ತೀನಿ. ನಿಮಗೆ ನಂಬಿಕೆ ಇರೋರು ಯಾರಾದ್ರೂ ಆ ಟೈಮಿಗೆ ಕೀ ತಂದುಕೊಡೋ ಹಾಗೆ ಮಾಡ್ತೀರಾ? ಅವರ ಹೆಸರು, ನಂಬರ್ ಕಳಿಸಿ, ನನ್ನ ನಂಬರ್ ಅವರಿಗೂ ಕೊಟ್ಟಿರಿ. ಲೇಟಾದ್ರೆ ಒಂದು ಗಂಟೆ ಮುಂಚೆನೇ ತಿಳಿಸ್ತೀನಿ."

ಕೀ ಕೈಗೆ ಬಂದ ತಕ್ಷಣ ಅವರನ್ನ ಕಳಿಸಿಬಿಡ್ಬೇಡಿ. ಗೇಟು, ಮೇನ್ ಡೋರ್, ರೂಮು ಎಲ್ಲಾ ಅವರ ಮುಂದೆನೇ ತೆಗೆದು ನೋಡಿ, ನನಗೆ ಕೊಟ್ಟ ಗೊಂಚಲಲ್ಲಿ ಗೇಟಿನ ಕೀನೇ ಇರ್ಲಿಲ್ಲ. ಎಷ್ಟು ಕೀ ಬಂತು ಅಂತ ಫೋಟೋ, ಜೊತೆಗೆ ಕರೆಂಟ್ ಮೀಟರ್ ರೀಡಿಂಗ್ ಫೋಟೋನೂ ಓನರ್‌ಗೆ ಅಲ್ಲೇ ಕಳಿಸಿ.

ಬಂದೋರು ಬಾಕಿ ಅಡ್ವಾನ್ಸ್ ಕ್ಯಾಶ್ ಕೇಳಿದ್ರೆ (ಕೇಳ್ತಾರೆ ಕೆಲವರು) ಓನರ್‌ಗೆ ಫೋನ್ ಹಚ್ಚಿ, ದುಡ್ಡು ಓನರ್ ಅಕೌಂಟಿಗೇ ಹಾಕಿ.